ಸ್ಕ್ಯಾನ್ ಮಾಡಿದ ಲೋಗೋದಿಂದ ಬಿಳಿ ಹಿನ್ನೆಲೆ ತೆಗೆಯುವುದು: ಅಂಚು ಕೆಡದಂತೆ ಕಲರ್ ಟು ಆಲ್ಫಾ ಬಳಸುವ ಕ್ರಮ

ಹಳೆಯ ಲೆಟರ್‌ಹೆಡ್ಡಿನ ಲೋಗೋ ಸ್ಕ್ಯಾನ್ ಮಾಡಿ, ಹಿನ್ನೆಲೆ ತೆಗೆದು, ಫೋಟೋ ಮೇಲೆ ಕೂರಿಸಿದಾಗ ಮೂರರಲ್ಲಿ ಒಂದು ತೊಂದರೆ ಬಂದೇ ಬರುತ್ತದೆ. ಅಕ್ಷರಗಳ ಸುತ್ತ ಬೆಳ್ಳನೆಯ ಗೆರೆ ಉಳಿಯುತ್ತದೆ, ಇಲ್ಲವೇ ಲೋಗೋದ ಒಡಲೇ ತೆಳುವಾಗಿ ಹಿಂದಿನ ಚಿತ್ರ ಇಣುಕುತ್ತದೆ, ಅದೂ ಇಲ್ಲವೆಂದರೆ ಲೋಗೋದ ಸುತ್ತ ಚೌಕಾಕಾರದ ಮಬ್ಬು ಕಾಣುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ. ಕೆಲಸವನ್ನು ಸರಿಯಾದ ಅನುಕ್ರಮದಲ್ಲಿ ಮಾಡಿದರೆ ಮೂರನ್ನೂ ತಪ್ಪಿಸಬಹುದು.

ಇಲ್ಲಿ ತೆಗೆದುಕೊಂಡಿರುವ ಉದಾಹರಣೆ ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯೊಂದರ ಲೆಟರ್‌ಹೆಡ್. ಕಂದು ಶಾಯಿಯಲ್ಲಿ ಅಂಗಡಿಯ ಹೆಸರು, ಪಕ್ಕದಲ್ಲಿ ಒಂದು ಕಪ್ಪು-ಬಸಿ, ಮೇಲೆ ಹಸಿರು ಕಾಫಿ ಎಲೆ. ಎಲ್ಲ ಸೇರಿ ಅಗಲ 3 ಸೆಂಟಿಮೀಟರ್. ಮೂಲ ಕಡತ ಯಾರ ಬಳಿಯೂ ಇಲ್ಲ, ಬ್ಲಾಕ್ ಮಾಡಿಕೊಟ್ಟ ಪ್ರೆಸ್ ಮುಚ್ಚಿದೆ, ಉಳಿದಿರುವುದು ಆ ಹಾಳೆ ಮಾತ್ರ. ಈಗ ಲೋಗೋ ಪ್ಯಾಕೆಟ್ಟಿನ ಕಡುಹಸಿರು ಬಣ್ಣದ ಮೇಲೆ, ತೋಟದ ಫೋಟೋ ಮೇಲೆ ಕೂರಬೇಕು.

## ಬೇಕಾಗುವ ಸಾಮಾನು

ಗಾಜಿನ ಮೇಲೆ ಹಾಳೆ ಮಲಗಿಸುವ ಫ್ಲಾಟ್‌ಬೆಡ್ ಸ್ಕ್ಯಾನರ್, ಒಂದು ದಪ್ಪ ಕಪ್ಪು ಹಾಳೆ, ಕಂಪ್ಯೂಟರಿನಲ್ಲಿ ಗಿಂಪ್ (GIMP) ತಂತ್ರಾಂಶ. ಗಿಂಪ್ 2.10 ಅಥವಾ ಅದರ ನಂತರದ ಆವೃತ್ತಿಯೇ ಬೇಕು. ಕಲರ್ ಟು ಆಲ್ಫಾ ಎಂಬ ಫಿಲ್ಟರ್ 2.8ರಲ್ಲೂ ಇತ್ತು, ಆದರೆ ಅದರಲ್ಲಿ ಬಣ್ಣ ಆರಿಸುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಲೋಗೋದ ಒಡಲನ್ನು ಗಟ್ಟಿಯಾಗಿ ಉಳಿಸುವ `Opacity threshold` ಎಂಬ ಸ್ಲೈಡರ್ ಇಲ್ಲದೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೊಬೈಲಿನ ಡಾಕ್ಯುಮೆಂಟ್ ಸ್ಕ್ಯಾನರ್ ಆ್ಯಪ್‌ಗಳು ಇದಕ್ಕೆ ಬೇಡ. ಓದಲು ಸುಲಭವಾಗಲೆಂದು ಅವು ಕಾಂಟ್ರಾಸ್ಟ್ ಏರಿಸಿಬಿಡುತ್ತವೆ. ನಾವು ಉಳಿಸಬೇಕೆಂದಿರುವ ಅಂಚಿನ ನಸುಬಣ್ಣಗಳೆಲ್ಲ ಅಲ್ಲಿಯೇ ಅಳಿದುಹೋಗಿರುತ್ತವೆ.

## ಮೊದಲು ಫಿಲ್ಟರ್ ಏನು ಮಾಡುತ್ತದೆ ಎಂಬುದು

ಮ್ಯಾಜಿಕ್ ವ್ಯಾಂಡ್ ರೀತಿಯ ಆಯ್ಕೆ ಉಪಕರಣಗಳು ಪ್ರತಿ ಪಿಕ್ಸೆಲ್ಲಿಗೂ ‘ಇರಲಿ’ ಅಥವಾ ‘ಹೋಗಲಿ’ ಎಂದು ತೀರ್ಪು ಕೊಡುತ್ತವೆ. ಆದರೆ ಶಾಯಿ ಮತ್ತು ಕಾಗದ ಕೂಡುವ ಅಂಚಿನಲ್ಲಿರುವ ಪಿಕ್ಸೆಲ್ ಅರ್ಧ ಶಾಯಿ, ಅರ್ಧ ಕಾಗದ. ಅದನ್ನು ಪೂರ್ತಿ ಉಳಿಸಿದರೆ ಬಿಳಿ ಗೆರೆ, ಪೂರ್ತಿ ಅಳಿಸಿದರೆ ಗರಗಸದ ಹಲ್ಲು.

ಕಲರ್ ಟು ಆಲ್ಫಾ ಹಾಗೆ ತೀರ್ಪು ಕೊಡುವುದಿಲ್ಲ. ಒಂದೊಂದು ಪಿಕ್ಸೆಲ್ಲೂ ಬಿಳಿಯಿಂದ ಎಷ್ಟು ದೂರವಿದೆ ಎಂದು ಅಳೆದು, ಅಷ್ಟು ಪಾಲು ಶಾಯಿಯನ್ನು ಉಳಿಸಿ, ಬಿಳಿಯ ಪಾಲನ್ನು ಪಾರದರ್ಶಕ ಮಾಡುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಬಿಳಿಯಿಂದ ಅತಿ ದೂರ ಇರುವುದನ್ನೇ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಇದರ ತೊಡಕೂ ಇಲ್ಲೇ ಇದೆ. ಕಾಫಿಕಂದು ಬಣ್ಣ 122, 66, 30 ಎಂದುಕೊಳ್ಳಿ. ಮೂರರಲ್ಲಿ ಕಡಿಮೆಯದು 30. ಅದು ಬಿಳಿಯ 255ರಿಂದ 225 ದೂರ, ಎಂದರೆ ಶೇ. 88. ಹಾಗಾಗಿ ಗಟ್ಟಿ ಕಂದು ಒಡಲೂ ಶೇ. 88 ಮಾತ್ರ ಉಳಿಯುತ್ತದೆ. ಫಿಲ್ಟರಿನ ದೃಷ್ಟಿಯಲ್ಲಿ ಆ ಕಂದು ಇನ್ನೂ ಗಾಢವಾದ ಒಂದು ಕಂದಿಗೆ ಶೇ. 12 ಬಿಳಿ ಬೆರೆಸಿದ ಬಣ್ಣ. ಬಿಳಿ ಕಾಗದದ ಮೇಲಿಟ್ಟರೆ ವ್ಯತ್ಯಾಸವೇ ಕಾಣದು, ಬಣ್ಣ ಮೊದಲಿದ್ದ ಹಾಗೇ ಬರುತ್ತದೆ. ಕಡುಹಸಿರಿನ ಮೇಲಿಟ್ಟಾಗ ಲೋಗೋ ಕಪ್ಪಾಗಿ, ತೆಳುವಾಗಿ ಕಾಣುತ್ತದೆ. ನಸುಬಣ್ಣವಾದಷ್ಟೂ ಪೆಟ್ಟು ಹೆಚ್ಚು. 250, 226, 165ರಂಥ ಕೆನೆಬಣ್ಣ ಶೇ. 35 ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು. ಬಹಳ ಜನ ಈ ತೆಳುವನ್ನು ಸರಿಪಡಿಸಲು ಅದೇ ಲೇಯರನ್ನು ನಕಲು ಮಾಡಿ ಒಂದರ ಮೇಲೊಂದು ಪೇರಿಸುತ್ತಾರೆ. ಎರಡು ಪದರಕ್ಕೆ ಒಡಲು ಶೇ. 98 ದಾಟುತ್ತದೆ, ನಿಜ. ಆದರೆ ಶೇ. 44 ಇದ್ದ ಅಂಚು ಕೂಡ ಶೇ. 69ಕ್ಕೆ ಏರುತ್ತದೆ. ಅಕ್ಷರ ದಪ್ಪಗಾಗಿ ‘ಕ’, ‘ಥ’ಗಳ ಒಳಗಣ್ಣು ಮುಚ್ಚಿಕೊಳ್ಳುತ್ತದೆ. ಈ ಉಪಾಯದ ಅಗತ್ಯವೇ ಬೀಳದಂತೆ ಮುಂದಿನ ಹಂತಗಳನ್ನು ಜೋಡಿಸಿದೆ.

## 1. ಸ್ಕ್ಯಾನ್ ಮಾಡುವುದು

ಗಾಜನ್ನು ಒಣಬಟ್ಟೆಯಿಂದ ಒರೆಸಿ. ಲೆಟರ್‌ಹೆಡ್ ಮಲಗಿಸಿ, ಅದರ ಬೆನ್ನಿಗೆ ಕಪ್ಪು ಹಾಳೆ ಇಡಿ. ತೆಳು ಕಾಗದದಲ್ಲಿ ಹಿಂಬದಿಯ ಬರಹವೋ ಸೀಲೋ ಈಚೆ ಇಣುಕುವುದನ್ನು ಅದು ತಡೆಯುತ್ತದೆ. ಕಾಗದ ತುಸು ಮಂಕಾಗಿ ಬರುತ್ತದೆ, ಅದನ್ನು ಮೂರನೇ ಹಂತದಲ್ಲಿ ಸರಿಮಾಡುತ್ತೇವೆ.

ರೆಸಲ್ಯೂಶನ್ 600 ಡಿಪಿಐ ಇಡಿ. 3 ಸೆಂಟಿಮೀಟರ್ ಲೋಗೋ ಆಗ ಸುಮಾರು 709 ಪಿಕ್ಸೆಲ್ ಅಗಲ ಬರುತ್ತದೆ. 300ರಲ್ಲಿ ಅದು 354 ಮಾತ್ರ, ಸಣ್ಣ ಅಕ್ಷರದ ಗೆರೆಯಲ್ಲಿ ಅಂಚು ಬಿಟ್ಟರೆ ಒಡಲೇ ಇರುವುದಿಲ್ಲ. ಬಣ್ಣದ ಮೋಡ್ ‘ಕಲರ್’ ಇರಲಿ. ಲೋಗೋ ಕಪ್ಪು-ಬಿಳುಪಿನದಾದರೂ ‘ಬ್ಲ್ಯಾಕ್ ಆ್ಯಂಡ್ ವೈಟ್’ ಅಥವಾ ‘ಟೆಕ್ಸ್ಟ್’ ಆರಿಸಬೇಡಿ, ಅವುಗಳಲ್ಲಿ ನಡುಬಣ್ಣಗಳೇ ಇರುವುದಿಲ್ಲ.

ಸ್ಕ್ಯಾನರ್ ತಂತ್ರಾಂಶದಲ್ಲಿ ಶಾರ್ಪನ್ ಮಾಡುವ ಆಯ್ಕೆಯಿದ್ದರೆ ತೆಗೆದುಹಾಕಿ. ಶಾರ್ಪನ್ ಆದ ಗೆರೆಯ ಹೊರಗೆ ಕಾಗದಕ್ಕಿಂತ ಬೆಳ್ಳನೆಯ, ಒಳಗೆ ಶಾಯಿಗಿಂತ ಕಪ್ಪನೆಯ ಪಟ್ಟಿ ಬೀಳುತ್ತದೆ. ಲೋಗೋ ಆಫ್‌ಸೆಟ್‌ನಲ್ಲಿ ಚುಕ್ಕಿಚುಕ್ಕಿಯಾಗಿ ಮುದ್ರಣವಾಗಿದ್ದರೆ ಮಾತ್ರ ‘ಡಿಸ್ಕ್ರೀನ್’ ಹಾಕಿ.

ಉಳಿಸುವುದು PNG ಅಥವಾ TIFF ಆಗಿ. JPG ಬೇಡ. ಅದು ಗೆರೆಯ ಸುತ್ತ ಕಣ್ಣಿಗೆ ಕಾಣದಷ್ಟು ತಿಳಿಯಾದ ಕೊಳೆಚುಕ್ಕಿ ಬಿಡುತ್ತದೆ, ಬಿಳಿ ಹೋದ ಮೇಲೆ ಅದೇ ಚುಕ್ಕಿಗಳು ಎದ್ದು ಕಾಣುತ್ತವೆ.

## 2. ಗಿಂಪ್‌ನಲ್ಲಿ ಸಿದ್ಧಗೊಳಿಸುವುದು

ಕಡತ ತೆರೆದು `Image > Mode` ನೋಡಿ, `RGB` ಇಲ್ಲದಿದ್ದರೆ ಅದಕ್ಕೆ ಬದಲಿಸಿ. ವಾಲಿದ್ದರೆ ಈಗಲೇ ನೇರ ಮಾಡಿ, ಲೋಗೋದ ಸುತ್ತ ಒಂದು ಬೆರಳಿನಷ್ಟು ಕಾಗದ ಬಿಟ್ಟು ಕತ್ತರಿಸಿ. ಅಳತೆ ಮಾಡಲು ಆ ಕಾಗದ ಬೇಕು.

`Layer > Duplicate Layer` ಕೊಟ್ಟು, ಕೆಳಗಿನ ಪದರಕ್ಕೆ ‘ಮೂಲ’ ಎಂದು ಹೆಸರಿಟ್ಟು ಕಣ್ಣಿನ ಗುರುತು ತೆಗೆದು ಮರೆಮಾಡಿ. ಮೇಲಿನದಕ್ಕೆ `Layer > Transparency > Add Alpha Channel` ಕೊಡಿ. ಈ ಹಂತದಲ್ಲೇ ಒಮ್ಮೆ ಗಿಂಪ್‌ನ ಸ್ವಂತ ಕಡತರೂಪವಾದ XCF ಆಗಿ ಸೇವ್ ಮಾಡಿ.

## 3. ಕಾಗದವನ್ನು ನಿಜವಾದ ಬಿಳಿ ಮಾಡುವುದು

ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಪರದೆಯಲ್ಲಿ ಬೆಳ್ಳಗೆ ಕಂಡ ಕಾಗದ ಬಿಳಿಯಾಗಿರುವುದಿಲ್ಲ. ಮಲೆನಾಡಿನ ಮಳೆಗಾಲಗಳನ್ನು ಬೀರುವಿನೊಳಗೆ ಕಳೆದ ಹಾಳೆಯಂತೂ ಹಳದಿಗೆ ತಿರುಗಿ, ಅಲ್ಲಲ್ಲಿ ಕಂದು ಮಚ್ಚೆ ಹಿಡಿದಿರುತ್ತದೆ.

ಕಲರ್ ಪಿಕರ್ ಉಪಕರಣ (ಕೀಲಿ `O`) ತೆಗೆದುಕೊಳ್ಳಿ. ಆಯ್ಕೆಗಳಲ್ಲಿ `Sample average` ಗುರುತು ಹಾಕಿ, ಅದರ ತ್ರಿಜ್ಯ 5 ಇಡಿ. ಇಲ್ಲದಿದ್ದರೆ ಒಂದೇ ಪಿಕ್ಸೆಲ್ಲಿನ ಅಂಕಿ ಬಂದು ದಾರಿ ತಪ್ಪಿಸುತ್ತದೆ. ಕಾಗದದ ಐದಾರು ಕಡೆ ಒತ್ತಿ ಅಂಕಿಗಳನ್ನು ಬರೆದುಕೊಳ್ಳಿ. ನಮ್ಮ ಹಾಳೆಯಲ್ಲಿ ನಡುವೆ 241, 238, 229. ಮಡಿಕೆಯ ಹತ್ತಿರ 236, 232, 220.

ಇಷ್ಟಕ್ಕೇ ಫಿಲ್ಟರ್ ಓಡಿಸಿ, ತೆಗೆಯುವ ಬಣ್ಣ ಶುದ್ಧ ಬಿಳಿ ಎಂದರೆ ಏನಾಗುತ್ತದೆ? 229 ಎಂಬುದು 255ರಿಂದ 26 ದೂರ, ಹಾಗಾಗಿ ಇಡೀ ಕಾಗದ ಶೇ. 10ರಷ್ಟು ಕಂದು ಮಬ್ಬಾಗಿ ಉಳಿಯುತ್ತದೆ. ಲೋಗೋದ ಸುತ್ತ ಕಾಣುವ ಚೌಕ ಇದೇ.

ಹಾಗಾದರೆ ಕಾಗದದ ಬಣ್ಣವನ್ನೇ ಪಿಕರಿನಿಂದ ಆರಿಸಿ ಅದನ್ನೇ ತೆಗೆಯಬಾರದೇ ಎಂಬ ಪ್ರಶ್ನೆ ಸಹಜ. ಅದು ನೋಡಲು ಸರಿಯೆನಿಸುವ, ಆದರೆ ಕೆಲಸ ಕೆಡಿಸುವ ದಾರಿ. ಫಿಲ್ಟರ್ ಆ ಬಣ್ಣಕ್ಕಿಂತ ಕಪ್ಪಾದುದನ್ನು ಮಾತ್ರ ಉಳಿಸುವುದಿಲ್ಲ, ಅದಕ್ಕಿಂತ ಬೆಳ್ಳಗಿರುವುದನ್ನೂ ಉಳಿಸುತ್ತದೆ. ಕಾಗದ 241, 238, 229 ಎಂದು ಕೊಟ್ಟಿದ್ದರೆ, ನಾರಿನ ಮೇಲೆ ಬೆಳಕು ಬಿದ್ದು 245, 242, 234 ಆದ ಒಂದು ಪಿಕ್ಸೆಲ್ ಎಷ್ಟು ಉಳಿಯಬಹುದು ನೋಡಿ. ಕೆಂಪು ಚಾನೆಲ್ಲಿನಲ್ಲಿ 241ರಿಂದ 255ರವರೆಗೆ ಇರುವ ಜಾಗ 14 ಮೆಟ್ಟಿಲು ಮಾತ್ರ, ಅದರಲ್ಲಿ ಈ ಪಿಕ್ಸೆಲ್ 4 ಮೆಟ್ಟಿಲು ಏರಿದೆ. ಎಂದರೆ ಶೇ. 29ರಷ್ಟು ಗಟ್ಟಿಯಾದ ಬೆಳ್ಳನೆಯ ಚುಕ್ಕಿ. ಕಡುಹಸಿರಿನ ಮೇಲೆ ಲೋಗೋದ ಸುತ್ತ ಹಿಟ್ಟು ಉದುರಿದ ಹಾಗೆ ಕಾಣುವುದು ಇದರಿಂದಲೇ.

ಆದ್ದರಿಂದ ಮೊದಲು ಕಾಗದವನ್ನು 255ಕ್ಕೆ ಏರಿಸಬೇಕು. ಬಿಳಿಗಿಂತ ಬೆಳ್ಳಗಿನದು ಇರಲಾರದು, ಚುಕ್ಕಿಯ ಪ್ರಶ್ನೆಯೇ ಹುಟ್ಟುವುದಿಲ್ಲ.

`Colors > Levels` ತೆರೆಯಿರಿ. `Channel` ಪಟ್ಟಿಯಲ್ಲಿ `Red` ಆರಿಸಿ, `Input Levels` ಸಾಲಿನ ಬಲತುದಿಯ 255 ಇರುವಲ್ಲಿ 236 ಬರೆಯಿರಿ. `Green`ಗೆ 232, `Blue`ಗೆ 220. ಅಳೆದ ಜಾಗಗಳಲ್ಲಿ ಅತಿ ಮಂಕಾದುದರ ಅಂಕಿಗಳು ಇವು. ಎಡತುದಿಯ ಸೊನ್ನೆಯನ್ನೂ ನಡುವಿನ 1.00 ಅನ್ನೂ ಮುಟ್ಟಬೇಡಿ. ಮೂರೂ ಚಾನೆಲ್ ಬೇರೆ ಬೇರೆ ಮಾಡುವುದರಿಂದ ಹಳದಿ ಛಾಯೆಯೂ ಹೋಗುತ್ತದೆ.

ಅಂಕಿಯನ್ನು ಇನ್ನಷ್ಟು ಇಳಿಸಿದರೆ ಕಾಗದ ಇನ್ನೂ ಚೊಕ್ಕವಾಗುತ್ತದೆ ಎಂದು ಆಸೆಪಡಬೇಡಿ. ಅಂಚಿನ ತೆಳುಬಣ್ಣಗಳೂ ಅದೇ ಎತ್ತರದಲ್ಲಿವೆ, ಅವೂ ಬಿಳಿಯಾಗಿ ಕಳೆದುಹೋಗುತ್ತವೆ. ಸಣ್ಣ ಗೆರೆ ಸಪೂರವಾಗುತ್ತ ಬಂದರೆ ಅತಿಯಾಯಿತೆಂದೇ ತಿಳಿಯಿರಿ. ಮಡಿಕೆಯ ನೆರಳೋ ತೇವದ ಮಚ್ಚೆಯೋ ಒಂದೆರಡು ಕಡೆ ತೀರಾ ಕಪ್ಪಾಗಿದ್ದರೆ ಅದಕ್ಕಾಗಿ ಇಡೀ ಚಿತ್ರದ ಅಂಕಿ ಇಳಿಸಬಾರದು. ಆ ಜಾಗಕ್ಕೆ ಮಾತ್ರ ಬ್ರಷ್‌ನಿಂದ ಬಿಳಿ ಬಳಿಯಿರಿ, ಶಾಯಿಯಿಂದ ನಾಲ್ಕೈದು ಪಿಕ್ಸೆಲ್ ದೂರದಲ್ಲೇ ಕೈ ನಿಲ್ಲಿಸಿ.

ಕಾಗದ ಪೂರ್ತಿ ಬಿಳಿಯಾಗಿದೆಯೇ ಎಂದು ಕಣ್ಣಿನಿಂದ ತಿಳಿಯದು. `Select > By Color` ತೆಗೆದುಕೊಂಡು, ಆಯ್ಕೆಗಳಲ್ಲಿ `Threshold` ಸೊನ್ನೆ ಮಾಡಿ, `Antialiasing` ಗುರುತು ತೆಗೆದು, ಕಾಗದದ ಮೇಲೆ ಒತ್ತಿ. ಎಲ್ಲಿ ಬಿಳಿಯಾಗಿಲ್ಲವೋ ಅಲ್ಲೆಲ್ಲ ಇರುವೆಸಾಲಿನಂಥ ಗೆರೆ ಓಡುತ್ತದೆ. ಆ ಜಾಗಗಳನ್ನು ನೋಡಿಟ್ಟುಕೊಂಡು `Select > None` ಕೊಡಿ. ನಂತರ ಅವನ್ನು ಬಿಳಿ ಬ್ರಷ್‌ನಿಂದ ಮುಗಿಸಿ. ಆಯ್ಕೆ ಹಾಗೇ ಉಳಿದರೆ ಬ್ರಷ್ಷೂ ಮುಂದಿನ ಫಿಲ್ಟರೂ ಅದರೊಳಗೆ ಮಾತ್ರ ಓಡುತ್ತವೆ.

ಲೆವೆಲ್ಸ್ ಅನ್ನು ಕೊನೆಗೆ ಮಾಡಿದರಾಯಿತು ಎನ್ನುವಂತಿಲ್ಲ. ಬಿಳಿ ತೆಗೆದ ಮೇಲೆ ಮಬ್ಬು ಇರುವುದು ಪಾರದರ್ಶಕತೆಯನ್ನು ಹಿಡಿದಿಡುವ ಆಲ್ಫಾ ಚಾನೆಲ್ಲಿನಲ್ಲಿ. ಬಣ್ಣದ ಲೆವೆಲ್ಸ್ ಎಷ್ಟು ಎಳೆದರೂ ಅದು ಕದಲುವುದಿಲ್ಲ.

## 4. ಶಾಯಿಯ ದೂರ ಅಳೆಯುವುದು

ಲೆವೆಲ್ಸ್‌ನಿಂದ ಶಾಯಿಯ ಅಂಕಿಗಳೂ ಬದಲಾಗಿವೆ. ಸ್ಕ್ಯಾನ್‌ನಲ್ಲಿ 113, 60, 26 ಇದ್ದ ಕಂದು ಈಗ ಸುಮಾರು 122, 66, 30. ಹಾಗಾಗಿ ಅಳತೆ ಈಗಲೇ ಮಾಡಬೇಕು, ಮೊದಲಲ್ಲ.

ದಪ್ಪ ಅಕ್ಷರಗಳ ನಡುಭಾಗದಲ್ಲಿ, ಅಂಚಿನಿಂದ ದೂರ, ಪಿಕರಿನಿಂದ ಎಂಟು ಹತ್ತು ಕಡೆ ಒತ್ತಿ. ಹಳೆಯ ಅಚ್ಚಿನಲ್ಲಿ ಶಾಯಿ ಎಲ್ಲೆಡೆ ಒಂದೇ ಸಮ ಕೂತಿರುವುದಿಲ್ಲ. ನಮ್ಮ ಹಾಳೆಯಲ್ಲಿ ಕೆಲವು ಕಡೆ 131, 78, 42ರವರೆಗೂ ತಿಳಿಯಾಗಿದೆ. ಲೆಕ್ಕಕ್ಕೆ ಹಿಡಿಯಬೇಕಾದುದು ಈ ತಿಳಿಯಾದ ಶಾಯಿಯನ್ನು. ಅದರ ಮೂರು ಅಂಕಿಗಳಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ:

```
(255 - 42) / 255 = 0.835
```

ಇದಕ್ಕಿಂತ ಒಂದು ಕೂದಲೆಳೆ ಕೆಳಗೆ, 0.83 ಎಂದು ಬರೆದಿಟ್ಟುಕೊಳ್ಳಿ. ‘ಬಿಳಿಯಿಂದ ಇಷ್ಟು ದೂರ ಹೋದದ್ದು ಪೂರ್ತಿ ಶಾಯಿ, ಅದನ್ನು ತೆಳು ಮಾಡಬೇಡ’ ಎಂದು ಫಿಲ್ಟರಿಗೆ ಹೇಳುವ ಅಂಕಿ ಇದು. ಸ್ಲೈಡರನ್ನು ಅಂದಾಜಿನಲ್ಲಿ ಎಳೆಯುವುದಕ್ಕಿಂತ ಈ ಭಾಗಾಕಾರ ಎಷ್ಟೋ ಮೇಲು, ಏಕೆಂದರೆ ಸಣ್ಣ ತಪ್ಪು ಪರದೆಯಲ್ಲಿ ಕಾಣುವುದಿಲ್ಲ, ಪ್ಯಾಕೆಟ್ ಅಚ್ಚಾದ ಮೇಲೆ ಕಾಣುತ್ತದೆ.

## 5. ಫಿಲ್ಟರ್ ಓಡಿಸುವುದು

ಮೇಲಿನ ಲೇಯರ್ ಆರಿಸಿರುವುದನ್ನು ಖಚಿತ ಮಾಡಿಕೊಂಡು `Colors > Color to Alpha` ಕೊಡಿ. `Color` ಶುದ್ಧ ಬಿಳಿ ಇರಲಿ, ಅದರ ಮೇಲೆ ಒತ್ತಿ `ffffff` ಎಂದು ಬರೆದರೆ ಅನುಮಾನವೇ ಇಲ್ಲ. `Transparency threshold` ಸೊನ್ನೆ. `Opacity threshold` 0.83.

ಗಿಂಪ್ 3ರಲ್ಲಿ ಫಿಲ್ಟರ್ ಲೇಯರಿಗೆ ಅಂಟಿಕೊಂಡು ಉಳಿಯುತ್ತದೆ, ನಂತರವೂ ಅಂಕಿ ತಿದ್ದಬಹುದು. ಒಂದೇ ಬಣ್ಣದ ಲೋಗೋಗೆ ಹಾಗೇ ಬಿಡುವುದು ಒಳ್ಳೆಯದು. ಮುಂದೆ ಹೇಳುವಂತೆ ಭಾಗಭಾಗವಾಗಿ ಓಡಿಸುವುದಾದರೆ `Merge filter` ಗುರುತು ಹಾಕಿ.

ಈಗ ಅಂಚಿನಲ್ಲಿ ನಡೆದಿರುವುದನ್ನು ಗಮನಿಸಿ. ಅರ್ಧ ಶಾಯಿ ಅರ್ಧ ಕಾಗದವಾಗಿದ್ದ 188, 160, 142 ಎಂಬ ಪಿಕ್ಸೆಲ್, ಬಿಳಿಯಿಂದ 0.44 ದೂರ. 0.83ರಿಂದ ಭಾಗಿಸಿದರೆ 0.53. ಅದು ಶೇ. 53 ಗಟ್ಟಿಯಾದ ಕಂದಾಗಿದೆ, ಬಣ್ಣವೂ ಒಡಲಿನ ಕಂದಿಗೆ ಬಹಳ ಹತ್ತಿರ ಬಂದಿದೆ. ಬಿಳಿಯ ಪಾಲು ಅದರೊಳಗೆ ಉಳಿದಿಲ್ಲ. ಮೆದು ಅಂಚು ಎಂದರೆ ಇದೇ.

`Transparency threshold` ಬಗ್ಗೆ ಎರಡು ಮಾತು. ಬಿಳಿಯಿಂದ ಇಷ್ಟರೊಳಗೆ ಇರುವುದನ್ನೆಲ್ಲ ಪೂರ್ತಿ ಅಳಿಸು ಎಂಬುದು ಅದರ ಅರ್ಥ. ಮೂರನೇ ಹಂತ ಚೆನ್ನಾಗಿ ಆಗಿದ್ದರೆ ಸೊನ್ನೆ ಸಾಕು. ಸಣ್ಣ ಕೊಳೆ ಉಳಿದಿದ್ದರೆ 0.03, ಎಂದರೆ ಸುಮಾರು 8 ಮೆಟ್ಟಿಲು, ಕೊಡಬಹುದು. 0.1ರ ಹತ್ತಿರ ಹೋಗಬೇಕೆನಿಸಿದರೆ ತಪ್ಪು ಲೆವೆಲ್ಸ್‌ನಲ್ಲಿದೆ, ಹಿಂದೆ ಹೋಗಿ.

ಫಲಿತಾಂಶ ಸರಿಯಿಲ್ಲವೆಂದು ಫಿಲ್ಟರನ್ನು ಅದರ ಮೇಲೆಯೇ ಮತ್ತೊಮ್ಮೆ ಓಡಿಸಬೇಡಿ. `Opacity threshold` ಏರಿಸಿ ಓಡಿಸಿದರೆ ಉಳಿದ ಬಣ್ಣದಿಂದ ಇನ್ನೊಮ್ಮೆ ಬಿಳಿ ಕಳೆದು ಅಂಚು ಇನ್ನಷ್ಟು ತೆಳುವಾಗುತ್ತದೆ, ಇಳಿಸಿ ಓಡಿಸಿದರೆ ಏನೂ ಬದಲಾಗುವುದಿಲ್ಲ. `Ctrl+Z` ಒತ್ತಿ, ಅಂಕಿ ಬದಲಿಸಿ, ಹೊಸದಾಗಿ ಓಡಿಸಿ.

## 6. ಮೂರು ಹಿನ್ನೆಲೆಯ ಮೇಲೆ ಪರೀಕ್ಷೆ

ಗಿಂಪ್ ತೋರಿಸುವ ಬೂದು ಚೌಕುಳಿಯ ಮೇಲೆ ಎಲ್ಲ ಲೋಗೋವೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಂಬಬೇಡಿ. ಲೋಗೋದ ಕೆಳಗೆ ಮೂರು ಲೇಯರ್ ಸೇರಿಸಿ: ಒಂದು ಪೂರ್ತಿ ಕಪ್ಪು, ಒಂದು ತಿಳಿನೀಲಿ, ಒಂದು ತೋಟದ ಫೋಟೋ. ಒಂದೊಂದನ್ನೇ ಹಚ್ಚಿ, ಶೇ. 100 ಮತ್ತು 400ರ ಜೂಮ್‌ನಲ್ಲಿ ನೋಡಿ.

ಕಪ್ಪಿನ ಮೇಲೆ ಅಂಚಿನ ಬಿಳಿ ಗೆರೆ ಕಾಣುತ್ತದೆ. ಅದಿದ್ದರೆ `Opacity threshold` ಅಗತ್ಯಕ್ಕಿಂತ ಕೆಳಗಿದೆ, ಅರ್ಧ ಶಾಯಿಯ ಪಿಕ್ಸೆಲ್‌ಗಳೇ ಗಟ್ಟಿಯಾಗಿಬಿಟ್ಟಿವೆ. ಅಂಚು ಹಲ್ಲುಹಲ್ಲಾಗುವುದೂ ಇದೇ ತಪ್ಪಿನ ಗುರುತು.

ಫೋಟೋ ಮೇಲೆ ಒಡಲಿನ ತೆಳು ಕಾಣುತ್ತದೆ. ಅಕ್ಷರದೊಳಗೆ ಗಿಡದ ಎಲೆಯ ಆಕಾರ ಇಣುಕಿದರೆ ಥ್ರೆಶೋಲ್ಡ್ ಹೆಚ್ಚಾಗಿದೆ. ಎಲ್ಲ ಕಡೆ ಅಲ್ಲದೆ ಮಚ್ಚೆಮಚ್ಚೆಯಾಗಿ ಇಣುಕಿದರೆ, ಅಳತೆ ಮಾಡುವಾಗ ಅತಿ ತಿಳಿಯಾದ ಶಾಯಿ ಕೈತಪ್ಪಿದೆ ಎಂದು ಅರ್ಥ.

ಉಳಿದ ಮಬ್ಬನ್ನು ಕಪ್ಪಿನ ಮೇಲೆ ಹುಡುಕಿ ಪ್ರಯೋಜನವಿಲ್ಲ. ಬಿಳಿ ಕಳೆದ ಮೇಲೆ ಕೊಳೆ ಉಳಿಯುವುದು ಗಾಢ ಬಣ್ಣವಾಗಿ, ಅದು ಕಪ್ಪಿನಲ್ಲಿ ಕರಗಿಹೋಗುತ್ತದೆ. ತಿಳಿನೀಲಿಯ ಮೇಲೆ ನೋಡಬೇಕು. ಅಲ್ಲೂ ಸಂಶಯವಾದರೆ ಲೋಗೋ ಲೇಯರನ್ನು ಮೂರು ಸಲ ನಕಲು ಮಾಡಿ. ಶೇ. 10ರ ಮಬ್ಬು ನಾಲ್ಕು ಪದರ ಸೇರಿ ಶೇ. 34 ಆಗಿ ಕಣ್ಣಿಗೆ ಹೊಡೆಯುತ್ತದೆ. ನೋಡಿಕೊಂಡು ನಕಲುಗಳನ್ನು ಅಳಿಸಿ. ಇದು ಪರೀಕ್ಷೆಗೆ ಮಾತ್ರ.

## 7. ಎರಡು ಬಣ್ಣ ಮತ್ತು ಒಳಗಿನ ಬಿಳಿ

ನಮ್ಮ ಲೋಗೋದಲ್ಲಿ ಹಸಿರು ಎಲೆಯೂ ಇದೆ. ಲೆವೆಲ್ಸ್ ನಂತರ ಅದರ ಬಣ್ಣ 98, 140, 62. ಲೆಕ್ಕ ಹಾಕಿದರೆ 0.757. ಕಂದಿಗೆ ಹೊಂದುವ 0.83 ಕೊಟ್ಟರೆ ಎಲೆ ತುಸು ತೆಳುವಾಗುತ್ತದೆ. ಇಲ್ಲಿ ಎರಡರಲ್ಲಿ ಕಡಿಮೆಯದು, 0.75, ಎರಡಕ್ಕೂ ಆದೀತು. ಕಂದಿನ ಅರ್ಧ ಅಂಚು ಶೇ. 53ರ ಬದಲು 59 ಆಗುತ್ತದೆ, ಅಷ್ಟು ವ್ಯತ್ಯಾಸ ಅಚ್ಚಿನಲ್ಲಿ ಗೊತ್ತಾಗುವುದಿಲ್ಲ.

ಎಲೆಯ ಬದಲು ಅಲ್ಲಿ ಕೆನೆಬಣ್ಣದ ಹೂವಿದ್ದಿದ್ದರೆ ಈ ರಾಜಿ ನಡೆಯುತ್ತಿರಲಿಲ್ಲ. ಅದಕ್ಕೆ ಬೇಕಾದ 0.35 ಕೊಟ್ಟರೆ, ಕಂದಿನ ಅಂಚಿನಲ್ಲಿ ಶೇ. 40 ಶಾಯಿ ಇರುವ ಪಿಕ್ಸೆಲ್ಲೂ ಪೂರ್ತಿ ಗಟ್ಟಿಯಾಗಿ, ಅಕ್ಷರದ ಸುತ್ತ ನಸುಗಂದು ಗೆರೆ ಏಳುತ್ತದೆ. ಆಗ ಭಾಗ ಮಾಡಿ. ಫ್ರೀ ಸೆಲೆಕ್ಟ್ ಉಪಕರಣದಿಂದ (ಕೀಲಿ `F`) ಹೂವಿನ ಸುತ್ತ, ಬಿಳಿ ಕಾಗದದ ಮೇಲೇ ಹಾದುಹೋಗುವಂತೆ ಗೆರೆ ಎಳೆದು, ಆ ಆಯ್ಕೆಯೊಳಗೆ 0.35ರಲ್ಲಿ ಫಿಲ್ಟರ್ ಓಡಿಸಿ. ನಂತರ `Select > Invert` ಕೊಟ್ಟು ಉಳಿದದ್ದಕ್ಕೆ 0.83. ಗೆರೆ ಶಾಯಿಯನ್ನು ತಾಗದಿರುವುದು ಮುಖ್ಯ, ತಾಗಿದ ಕಡೆ ಸೀಳು ಕಾಣುತ್ತದೆ.

ಇನ್ನು ಕಾಫಿ ಕಪ್ಪಿನ ಒಳಮೈ. ಮೂಲದಲ್ಲಿ ಅದು ಕಾಗದದ ಬಿಳಿಯೇ, ಫಿಲ್ಟರಿಗೆ ಅದು ಕಪ್ಪಿನ ಬಿಳಿ ಎಂದು ತಿಳಿಯದು. ಅದೂ ಹೋಗಿ, ಕಪ್ಪಿನೊಳಗೆ ಪ್ಯಾಕೆಟ್ಟಿನ ಹಸಿರು ತುಂಬಿಕೊಂಡಿರುತ್ತದೆ. ಅಕ್ಷರದ ಒಳಗಣ್ಣುಗಳು ಹಾಗಾಗುವುದೇ ಸರಿ, ಕಪ್ಪು ಹಾಗಾಗಬಾರದು.

‘ಮೂಲ’ ಲೇಯರ್ ಆರಿಸಿ, ಫಝಿ ಸೆಲೆಕ್ಟ್‌ನಿಂದ (ಕೀಲಿ `U`) ಕಪ್ಪಿನ ಒಳಗೆ ಒತ್ತಿ. ಇಲ್ಲಿ ಕಾಗದ ಇನ್ನೂ ಹಳದಿಯೇ, ಆದ್ದರಿಂದ `Threshold` 20ರ ಸುಮಾರಿಗೆ ಇಟ್ಟು, ಒಳಮೈಯಷ್ಟೇ ಆಯ್ಕೆಯಾಗುವಂತೆ ಹೆಚ್ಚುಕಡಿಮೆ ಮಾಡಿ. ಆಯ್ಕೆ ಹೊರಗೆ ಸೋರಿ ಇಡೀ ಕಾಗದ ಹಿಡಿದರೆ ಕಪ್ಪಿನ ಗೆರೆ ಎಲ್ಲೋ ಬಿಟ್ಟುಹೋಗಿದೆ. ಆಗ ಫ್ರೀ ಸೆಲೆಕ್ಟ್‌ನಿಂದ, ಗೆರೆಯ ನಡುವೆ ಹಾದುಹೋಗುವಂತೆ ಕೈಯಲ್ಲೇ ಸುತ್ತು ಹಾಕಿ.

ಫಝಿಯಿಂದ ಸಿಕ್ಕ ಆಯ್ಕೆಗೆ `Select > Grow` ನಲ್ಲಿ 2 ಪಿಕ್ಸೆಲ್ ಕೊಡಿ. ಲೋಗೋ ಲೇಯರಿನ ಕೆಳಗೆ ಹೊಸ ಪಾರದರ್ಶಕ ಲೇಯರ್ ಮಾಡಿ, ಆಯ್ಕೆಗೆ ಬಿಳಿ ತುಂಬಿ. ಆ 2 ಪಿಕ್ಸೆಲ್ ಶಾಯಿಯ ಗೆರೆಯ ಅಡಿಗೆ ನುಗ್ಗಿ ಅಡಗಿಕೊಳ್ಳುತ್ತವೆ, ಒಳಗಿನ ಮೆದು ಅಂಚಿನ ಹಿಂದೆ ಹಸಿರಿನ ಬದಲು ಬಿಳಿಯೇ ಇರುತ್ತದೆ. 600 ಡಿಪಿಐನಲ್ಲಿ ಕಪ್ಪಿನ ಗೆರೆ 8 ಪಿಕ್ಸೆಲ್ಲಿನಷ್ಟಾದರೂ ದಪ್ಪ ಇದ್ದರೆ ಯೋಚನೆಯಿಲ್ಲ. 4 ಪಿಕ್ಸೆಲ್ಲಿನ ಗೆರೆಯಾದರೆ `Grow` 1 ಮಾತ್ರ, ಇಲ್ಲದಿದ್ದರೆ ಬಿಳಿ ಆಚೆಗೆ ಇಣುಕುತ್ತದೆ.

## 8. ಉಳಿಸುವುದು ಮತ್ತು ಕಳಿಸುವುದು

ಪರೀಕ್ಷೆಯ ಲೇಯರ್‌ಗಳನ್ನೂ ‘ಮೂಲ’ವನ್ನೂ ಮರೆಮಾಡಿ, XCF ಸೇವ್ ಮಾಡಿ. ಅಳತೆ ಕುಗ್ಗಿಸಬೇಕಿದ್ದರೆ ಕುಗ್ಗಿಸುವುದು ಈಗ, ಅದೂ ನಕಲಿನ ಮೇಲೆ. `Image > Crop to Content` ಕೊಟ್ಟು ಖಾಲಿ ಜಾಗ ತೆಗೆಯಿರಿ. ಲೋಗೋದ ಅಂಚಿನವರೆಗೂ ಕತ್ತರಿ ಹೋಗದೆ ನಿಂತರೆ, ಅಲ್ಲಿ ಎಲ್ಲೋ ಅಳಿಯದ ಒಂದು ಚುಕ್ಕಿ ಕೂತಿದೆ ಎಂದು ಗೊತ್ತಾಗುತ್ತದೆ. ಮರೆಮಾಡಿದ ಲೇಯರ್‌ಗಳೂ ಲೆಕ್ಕಕ್ಕೆ ಬರಬಹುದಾದ್ದರಿಂದ ನಕಲಿನಲ್ಲಿ ಅವನ್ನು ಅಳಿಸಿಬಿಡುವುದೇ ಸರಿ.

`File > Export As` ಕೊಟ್ಟು PNG ಆಗಿ ಹೊರತೆಗೆಯಿರಿ. JPGಗೆ ಪಾರದರ್ಶಕತೆಯೇ ಇಲ್ಲ, ಅದರಲ್ಲಿ ಉಳಿಸಿದರೆ ಇಷ್ಟು ಹೊತ್ತು ತೆಗೆದ ಹಿನ್ನೆಲೆ ಮತ್ತೆ ಬಂದು ಕೂರುತ್ತದೆ.

ವಾಟ್ಸಾಪ್‌ನಲ್ಲಿ ಪ್ರೆಸ್‌ಗೆ ಕಳಿಸುವಾಗ ‘ಫೋಟೋ’ ಆಗಿ ಕಳಿಸಬೇಡಿ, ಅದು JPG ಆಗಿಬಿಡುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವ ಡಿಟಿಪಿಯವರಿಗೆ ಅದನ್ನು ಇಂಪೋರ್ಟ್ ಮಾಡಲು ಹೇಳಿ, ಪಾರದರ್ಶಕತೆ ಹಾಗೇ ಬರುತ್ತದೆ. PNGಯಲ್ಲಿ ಸಿಎಂವೈಕೆ ಇರುವುದಿಲ್ಲ, ಅಚ್ಚಿಗೆ ಬೇಕಾದ ಬಣ್ಣಬದಲಾವಣೆಯನ್ನು ಅವರೇ ಅವರ ಕಡೆ ಮಾಡಿಕೊಳ್ಳಬೇಕು. ಕಂದು ಅಲ್ಲಿ ಸ್ವಲ್ಪ ಸರಿದೀತು, ಹಳೆಯ ಲೆಟರ್‌ಹೆಡ್ಡನ್ನೇ ಎದುರಿಗಿಟ್ಟು ಪ್ರೂಫ್ ನೋಡಿ.

709 ಪಿಕ್ಸೆಲ್ಲಿನ ಈ ಲೋಗೋ 300 ಡಿಪಿಐ ಅಚ್ಚಿಗೆ 6 ಸೆಂಟಿಮೀಟರ್ ಅಗಲದವರೆಗೆ ಸರಿಯಾಗಿ ಬರುತ್ತದೆ. ಅಂಗಡಿಯ ಬೋರ್ಡಿಗೆ, ಫ್ಲೆಕ್ಸಿಗೆ ಅದೇ PNG ಹಿಗ್ಗಿಸಿದರೆ ಮೆದು ಅಂಚು ಮಸುಕಾದ ಅಂಚಾಗುತ್ತದೆ. ಅಲ್ಲಿಗೆ ವೆಕ್ಟರ್ ಆಗಿ ಲೋಗೋವನ್ನು ಮತ್ತೆ ಬರೆಸಲೇಬೇಕು. ಬರೆಯುವವರಿಗೆ ‘ಮೂಲ’ ಲೇಯರ್ ಇರುವ ಆ XCF ಕಡತವನ್ನೇ ಕೊಡಿ, ಬಿಳಿ ತೆಗೆದ PNGಯನ್ನಲ್ಲ.